ಎರಡು ಲೇತ್, ಐದು ಪಾರ್ಟಿ, ಒಂದು ವಾರ

ಬೆಂಗಳೂರಿನ ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಎರಡು ಸಿಎನ್‌ಸಿ ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ವರ್ಕ್‌ಶಾಪ್ ಮಾಲೀಕರಿಗೆ ವಾರದಲ್ಲಿ ಅತಿ ಹೆಚ್ಚು ಸಲ ಬರುವ ಫೋನ್ ಒಂದೇ: ‘ನಮ್ಮ ಮಾಲು ಯಾವಾಗ ಕೊಡ್ತೀರಿ ಸಾರ್?’ ಇದಕ್ಕೆ ಉತ್ತರ ಸಾಮಾನ್ಯವಾಗಿ ಅಂದಾಜಿನಲ್ಲೇ ಬರುತ್ತದೆ. ಕೆಲಸ ಗೊತ್ತು, ಮೆಷಿನ್ ಗೊತ್ತು, ಹುಡುಗರ ಕೈಚಳಕವೂ ಗೊತ್ತು. ಆದರೂ ಮಾತು ತಪ್ಪುತ್ತದೆ. ಮೆಷಿನ್‌ನ ವೇಗ ಸಾಲದೆ ಹೀಗಾಗುವುದು ಕಡಿಮೆ. ಯಾವ ಕೆಲಸ ಯಾವ ಮೆಷಿನ್‌ಗೆ, ಯಾವುದರ ಹಿಂದೆ ಯಾವುದು ಎಂದು ಮೊದಲೇ ಕೂತು ಬರೆಯದೆ ಇರುವುದರಿಂದಲೇ ಹೆಚ್ಚಾಗಿ ತಪ್ಪುತ್ತದೆ.

ಒಂದು ವಾರದ ಲೆಕ್ಕವನ್ನು ಪೂರ್ತಿ ಮಾಡಿಯೇ ನೋಡೋಣ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆವರೆಗೆ ಒಂದೇ ಶಿಫ್ಟ್. ಊಟ, ಎರಡು ಟೀ ಕಳೆದರೆ ಮೆಷಿನ್ ತಿರುಗುವುದು ದಿನಕ್ಕೆ 8 ಗಂಟೆ. ಎರಡೂ ಮೆಷಿನ್ ಒಂದೇ ಅಳತೆಯವು, ಯಾವ ಕೆಲಸವನ್ನಾದರೂ ಯಾವುದರಲ್ಲಾದರೂ ಹಾಕಬಹುದು ಎಂದುಕೊಳ್ಳೋಣ. ಕೈಯಲ್ಲಿ ಐದು ಆರ್ಡರ್ ಇವೆ.

ಮೊದಲ ಹೆಜ್ಜೆ, ಪೀಸುಗಳ ಲೆಕ್ಕವನ್ನು ಗಂಟೆಗಳಿಗೆ ಇಳಿಸುವುದು. 200 ಬುಷ್ ಬೇಕು, ಒಂದೊಂದಕ್ಕೆ 3 ನಿಮಿಷ, ಅಂದರೆ 10 ಗಂಟೆ. ಇದರ ಮೇಲೆ ಸೆಟ್ಟಿಂಗ್ ಇದೆ: ಚಕ್ಕಿನ ಜಾ ಬದಲಿಸಿ, ಟೂಲ್ ಕಟ್ಟಿ, ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ತೆಗೆದು ಅಳೆದು ಸರಿ ಎನ್ನಿಸುವಷ್ಟರಲ್ಲಿ 2 ಗಂಟೆ ಹೋಗುತ್ತದೆ. ಒಟ್ಟು 12 ಗಂಟೆ. ಇಲ್ಲಿ 3 ನಿಮಿಷ ಎಂದರೆ ಮೆಷಿನ್‌ನ ಪರದೆ ತೋರಿಸುವ ಸೈಕಲ್ ಟೈಮ್ ಅಲ್ಲ. ಬಾಗಿಲು ತೆರೆದು ಪೀಸ್ ಬಿಚ್ಚಿ, ಗಾಳಿ ಹೊಡೆದು, ಹೊಸದನ್ನು ಕಟ್ಟಿ ಮತ್ತೆ ಬಟನ್ ಒತ್ತುವವರೆಗಿನ ಸಮಯ. ಪರದೆಯ ಅಂಕಿಯನ್ನು ನಂಬಿ ಮಾತು ಕೊಟ್ಟವರು ಅಲ್ಲೇ ಸೋಲುತ್ತಾರೆ. ಒಂದು ಗಂಟೆಗೆ ನಿಜವಾಗಿ ಎಷ್ಟು ಪೀಸ್ ಇಳಿಯುತ್ತವೆ ಎಂದು ಒಮ್ಮೆ ನಿಂತು ಎಣಿಸಿದರೆ ಸಾಕು, ಸರಿಯಾದ ಅಂಕಿ ಸಿಗುತ್ತದೆ.

ಹೀಗೆಯೇ ಉಳಿದವನ್ನೂ ಲೆಕ್ಕ ಹಾಕಿದರೆ, ಸೆಟ್ಟಿಂಗ್ ಸೇರಿ ಫ್ಲ್ಯಾಂಜ್‌ಗೆ 10 ಗಂಟೆ, ಪಿನ್‌ಗೆ 12, ಸ್ಪೇಸರ್‌ಗೆ 9, ಶಾಫ್ಟ್‌ಗೆ 22. ಬುಷ್ ಮತ್ತು ಫ್ಲ್ಯಾಂಜ್ ಮಂಗಳವಾರ ಸಂಜೆಯೊಳಗೆ ಮೆಷಿನ್‌ನಿಂದ ಇಳಿಯಬೇಕು. ಪಿನ್ ಬುಧವಾರ, ಸ್ಪೇಸರ್ ಗುರುವಾರ, ಶಾಫ್ಟ್ ಶುಕ್ರವಾರ. ಫ್ಲ್ಯಾಂಜ್‌ನ ಪಾರ್ಟಿ ಕೇಳಿದ್ದು ಗುರುವಾರಕ್ಕೆ. ಆದರೆ ಅದು ಹೊರಗೆ ಜಿಂಕ್ ಪ್ಲೇಟಿಂಗ್‌ಗೆ ಹೋಗಿ ಬರಬೇಕು, ಅದಕ್ಕೆ ಎರಡು ದಿನ. ಹಾಗಾಗಿ ಅದರ ನಿಜವಾದ ಗಡುವು ಮಂಗಳವಾರವೇ. ಪಿಒದ ಮೇಲಿರುವ ತಾರೀಖನ್ನೇ ಬೋರ್ಡಿಗೆ ಬರೆದರೆ ಈ ಎರಡು ದಿನ ಯಾರ ಲೆಕ್ಕಕ್ಕೂ ಸಿಗದೆ ಮಾಯವಾಗುತ್ತವೆ.

ಎಲ್ಲ ಕೂಡಿಸಿದರೆ 65 ಗಂಟೆಗಳ ಕೆಲಸ. ಶುಕ್ರವಾರ ಸಂಜೆಯವರೆಗೆ ಎರಡು ಮೆಷಿನ್‌ನಲ್ಲಿ ಸಿಗುವುದು 80 ಗಂಟೆ. ಬೇಕಾದಷ್ಟು ಬಿಡುವಿದೆ ಅನ್ನಿಸುತ್ತದೆ. ಈ ಕೂಡುಲೆಕ್ಕವನ್ನು ಮಾತ್ರ ನೋಡಿ ‘ಆಗುತ್ತೆ ಬಿಡಿ’ ಅನ್ನುವುದೇ ಅಪಾಯ.

ಯಾರಿಗೂ ಮೊದಲು ಹೊಳೆಯುವ ಕ್ರಮವೆಂದರೆ, ಯಾವುದರ ಗಡುವು ಹತ್ತಿರವೋ ಅದು ಮೊದಲು, ಯಾವ ಮೆಷಿನ್ ಖಾಲಿಯಾಯಿತೋ ಅದಕ್ಕೆ ಮುಂದಿನ ಕೆಲಸ. ಸೋಮವಾರ ಬೆಳಿಗ್ಗೆ ಒಂದನೇ ಮೆಷಿನ್‌ಗೆ ಬುಷ್, ಎರಡನೆಯದಕ್ಕೆ ಫ್ಲ್ಯಾಂಜ್. ಫ್ಲ್ಯಾಂಜ್ 10ನೇ ಗಂಟೆಗೆ ಮುಗಿಯುತ್ತದೆ, ಅಲ್ಲಿಗೆ ಪಿನ್ ಹತ್ತುತ್ತದೆ. ಬುಷ್ 12ನೇ ಗಂಟೆಗೆ ಮುಗಿದಾಗ ಆ ಮೆಷಿನ್‌ಗೆ ಸ್ಪೇಸರ್. ಅದು 21ನೇ ಗಂಟೆಗೆ ಇಳಿದ ಮೇಲೆ ಶಾಫ್ಟ್. ಇಪ್ಪತ್ತೊಂದಕ್ಕೆ ಇಪ್ಪತ್ತೆರಡು ಸೇರಿಸಿದರೆ 43. ಶುಕ್ರವಾರ ಸಂಜೆ ಎಂದರೆ 40ನೇ ಗಂಟೆ. ಶಾಫ್ಟ್ 3 ಗಂಟೆ ತಡ, ಅಂದರೆ ಶನಿವಾರಕ್ಕೆ ಹೋಯಿತು. ಆ ಹೊತ್ತಿಗೆ ಎರಡನೇ ಮೆಷಿನ್ ಪಿನ್ ಮುಗಿಸಿ 22ನೇ ಗಂಟೆಯಿಂದಲೇ ಸುಮ್ಮನೆ ನಿಂತಿದೆ!

ಈಗ ಒಂದೇ ಬದಲಾವಣೆ ಮಾಡಿ. ಬುಷ್ ಇಳಿದ ಕೂಡಲೇ ಒಂದನೇ ಮೆಷಿನ್‌ಗೆ ಸ್ಪೇಸರ್ ಬದಲು ಶಾಫ್ಟ್ ಕೊಡಿ. ಶಾಫ್ಟ್‌ನ ಗಡುವು ಎಲ್ಲಕ್ಕಿಂತ ಕೊನೆಯದು, ಹಾಗಾಗಿ ಇದು ತಲೆಕೆಳಗು ಅನ್ನಿಸಬಹುದು. ಆದರೆ ಅದು 34ನೇ ಗಂಟೆಗೆ ಮುಗಿಯುತ್ತದೆ, 6 ಗಂಟೆ ಉಳಿತಾಯ. ಎರಡನೇ ಮೆಷಿನ್‌ನಲ್ಲಿ ಫ್ಲ್ಯಾಂಜ್ 10ಕ್ಕೆ, ಪಿನ್ 22ಕ್ಕೆ, ಸ್ಪೇಸರ್ 31ಕ್ಕೆ. ಪಿನ್‌ನ ಗಡುವು 24, ಸ್ಪೇಸರ್‌ನದು 32. ಐದಕ್ಕೆ ಐದೂ ಹೊತ್ತಿಗೆ ಸರಿಯಾಗಿ ಹೋದವು. ಓವರ್‌ಟೈಮ್ ಇಲ್ಲ, ಹೊಸ ಟೂಲ್ ಇಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹೊಸ ಪಟ್ಟಿಯಲ್ಲೂ ಒಂದೊಂದು ಮೆಷಿನ್‌ನೊಳಗೆ ಕೆಲಸಗಳು ಗಡುವಿನ ಕ್ರಮದಲ್ಲೇ ಇವೆ. ಬದಲಾದದ್ದು ಯಾವ ಕೆಲಸ ಯಾವ ಮೆಷಿನ್‌ಗೆ ಎಂಬುದು ಮಾತ್ರ. ಒಂದು ಮೆಷಿನ್‌ಗೆ ಗಡುವಿನ ಕ್ರಮಕ್ಕಿಂತ ಒಳ್ಳೆಯದಿಲ್ಲ ಎಂದು ಕ್ಯಾಲಿಫೋರ್ನಿಯಾದ ಜೆ.ಆರ್. ಜಾಕ್ಸನ್ 1955ರಲ್ಲೇ ತೋರಿಸಿದ್ದರು. ಅವರ ತರ್ಕ ಸರಳ. ದೂರದ ಗಡುವಿನ ಕೆಲಸವೊಂದು ಹತ್ತಿರದ ಗಡುವಿನದಕ್ಕಿಂತ ಮುಂದೆ ಕೂತಿದ್ದರೆ ಎರಡನ್ನೂ ಅದಲುಬದಲು ಮಾಡಿ. ಹಿಂದೆ ಹೋದದ್ದು ಮುಗಿಯುವುದು, ಮೊದಲು ಇನ್ನೊಂದು ಮುಗಿಯುತ್ತಿದ್ದ ಹೊತ್ತಿಗೇ. ಆದರೆ ಇದರ ಗಡುವು ಇನ್ನೂ ದೂರವಿರುವುದರಿಂದ ಅತಿ ಹೆಚ್ಚಿನ ತಡ ಎಂಬುದು ಜಾಸ್ತಿಯಂತೂ ಆಗದು. ಆದ್ದರಿಂದ ಮಾಲೀಕರು ತಲೆ ಕೆಡಿಸಿಕೊಳ್ಳಬೇಕಾದ್ದು ಹಂಚಿಕೆಯ ಬಗ್ಗೆ. ಹಂಚಿಕೆಗೆ ಮಾತ್ರ ಹೀಗೆ ಕಣ್ಣುಮುಚ್ಚಿ ಅನುಸರಿಸುವ ಸೂತ್ರವಿಲ್ಲ. ಐದು ಕೆಲಸವನ್ನು ಒಂದೇ ಬಗೆಯ ಎರಡು ಮೆಷಿನ್‌ಗೆ ಹಂಚುವ ದಾರಿ 16, ಹತ್ತಾದರೆ 512, ಇಪ್ಪತ್ತಾದರೆ ಐದು ಲಕ್ಷ ದಾಟುತ್ತದೆ. ಐದಾರು ಕೆಲಸವಿದ್ದರೆ ರಟ್ಟಿನ ಪಟ್ಟಿಗಳನ್ನು ಗಂಟೆಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ಜರುಗಿಸಿ ನೋಡಿದರೆ ಸಾಕು. ಮೊದಲು ದೊಡ್ಡ ಪಟ್ಟಿಗೆ ಜಾಗ ಮಾಡಿ, ಆಮೇಲೆ ಸಣ್ಣವನ್ನು ಸುತ್ತ ಹೊಂದಿಸಿದರೆ ಉತ್ತರ ಬೇಗ ಸಿಗುತ್ತದೆ.

ಪಟ್ಟಿ ಕೆಡುವುದು ಹೇಗೆ? ಸೋಮವಾರ ಮಧ್ಯಾಹ್ನ ಸ್ಪೇಸರ್‌ನವರು ಬಂದು ಜೋರು ಮಾಡುತ್ತಾರೆ. ಅವರ ಸಮಾಧಾನಕ್ಕೆ, 4 ಗಂಟೆ ಓಡಿದ ಬುಷ್ ಇಳಿಸಿ ಸ್ಪೇಸರ್ ಹತ್ತಿಸಿದಿರಿ ಅನ್ನಿ. ಸ್ಪೇಸರ್ 13ನೇ ಗಂಟೆಗೆ ಮುಗಿಯುತ್ತದೆ, ಗುರುವಾರ ಬೇಕಿದ್ದ ಮಾಲು ಮಂಗಳವಾರವೇ ರೆಡಿ. ಆಮೇಲೆ ಬುಷ್‌ಗೆ ಮತ್ತೆ 2 ಗಂಟೆ ಸೆಟ್ಟಿಂಗ್, ಉಳಿದ 8 ಗಂಟೆ ಕೆಲಸ, ಅಂದರೆ ಅದು ಇಳಿಯುವುದು 23ಕ್ಕೆ. ಮಂಗಳವಾರ ಕೊಡಬೇಕಿದ್ದದ್ದು ಬುಧವಾರ ಸಂಜೆಗೆ ಹೋಯಿತು. ಅದರ ಹಿಂದೆ ಶಾಫ್ಟ್ 45ಕ್ಕೆ ಮುಗಿದು ಅದೂ ಶನಿವಾರಕ್ಕೆ ಬಿತ್ತು. ಯಾರಿಗೂ ಅಗತ್ಯವಿಲ್ಲದ ಒಂದು ಅವಸರಕ್ಕೆ ಇಬ್ಬರು ಗ್ರಾಹಕರಿಗೆ ಕೊಟ್ಟ ಮಾತು ಹೋಯಿತು. ಬೋರ್ಡ್ ಎದುರಿಗಿದ್ದರೆ ‘ನಿಮ್ಮದು ಬುಧವಾರ ಸಂಜೆಗೆ ಮುಂಚೆ ಮೆಷಿನ್‌ಗೆ ಹತ್ತುತ್ತೆ, ಗುರುವಾರ ಕೈಗೆ ಸಿಗುತ್ತೆ, ನೋಡಿ’ ಎಂದು ತೋರಿಸಿಯೇ ಕಳಿಸಬಹುದು.

ಹೊಸ ಆರ್ಡರ್‌ಗೂ ಅದೇ ಬೋರ್ಡ್ ಉತ್ತರ ಕೊಡುತ್ತದೆ. ಸೋಮವಾರವೇ ಇನ್ನೊಬ್ಬರು 12 ಗಂಟೆಯ ಕೆಲಸ ತಂದು ಶುಕ್ರವಾರಕ್ಕೆ ಕೇಳಿದರು. ಎರಡನೇ ಮೆಷಿನ್ ಬಿಡುವಾಗುವುದು 31ಕ್ಕೆ, ಹನ್ನೆರಡು ಸೇರಿದರೆ 43. ಶನಿವಾರ ಮಧ್ಯಾಹ್ನದ ಊಟಕ್ಕೆ ಮೊದಲು ಆಗಬಹುದು. ಹೇಳಬೇಕಾದ ಮಾತು ‘ಶನಿವಾರ ಸಂಜೆ’. ಶುಕ್ರವಾರ ಎಂದು ಒಪ್ಪಿಕೊಂಡರೆ ಆ ತಡ ಆರ್ಡರ್ ತೆಗೆದುಕೊಂಡ ಗಳಿಗೆಯಲ್ಲೇ ಆಗಿಹೋದಂತೆ.

ಮಂಗಳವಾರ ಬೆಳಿಗ್ಗೆ 3 ಗಂಟೆ ಕರೆಂಟ್ ಹೋಯಿತು ಅಂದುಕೊಳ್ಳಿ. ಒಂದನೇ ಮೆಷಿನ್‌ನಲ್ಲಿ ಬುಷ್ 15ಕ್ಕೆ, ಶಾಫ್ಟ್ 37ಕ್ಕೆ. ಎರಡೂ ಗಡುವಿನೊಳಗೇ ಇವೆ. ಎರಡನೆಯದರಲ್ಲಿ ಪಿನ್ 25ಕ್ಕೆ ಸರಿದು ಒಂದು ಗಂಟೆ ತಡ, ಸ್ಪೇಸರ್ 34ಕ್ಕೆ ಸರಿದು ಎರಡು ಗಂಟೆ ತಡ. ಮಂಗಳವಾರ ಸಂಜೆ ಎರಡನೇ ಮೆಷಿನ್‌ನ ಆಪರೇಟರ್ ಒಬ್ಬರೇ 2 ಗಂಟೆ ಉಳಿದರೆ ಎರಡೂ ಸರಿಹೋಗುತ್ತವೆ. ಇನ್ನೊಬ್ಬರನ್ನು ಉಳಿಸಿಕೊಂಡು ಕೊಡುವ ಓವರ್‌ಟೈಮ್ ದುಡ್ಡು ಯಾವ ಗಡುವನ್ನೂ ಉಳಿಸುವುದಿಲ್ಲ.

ಕೊನೆಯದಾಗಿ, ಎಲ್ಲರಿಗೂ ಭಯವಿರುವ ಸಂಗತಿ. ಸೋಮವಾರ ಬೆಳಿಗ್ಗೆಯೇ ಒಂದನೇ ಮೆಷಿನ್ ಕೆಟ್ಟು ನಿಂತಿತು, ಸರ್ವಿಸ್‌ನವರು ಬರುವುದು ಮುಂದಿನ ವಾರ. ಇರುವುದು ಒಂದೇ ಮೆಷಿನ್. ಗಡುವಿನ ಕ್ರಮದಲ್ಲೇ ಹೋದರೆ ಫ್ಲ್ಯಾಂಜ್ ಒಂದು ಹೊತ್ತಿಗೆ ಮುಗಿಯುತ್ತದೆ. ಬುಷ್ 22, ಪಿನ್ 34, ಸ್ಪೇಸರ್ 43, ಶಾಫ್ಟ್ 65, ನಾಲ್ಕೂ ತಡ. ಜಾಕ್ಸನ್‌ರ ಕ್ರಮ ಅತಿ ದೊಡ್ಡ ತಡವನ್ನು ಚಿಕ್ಕದು ಮಾಡುತ್ತದೆ, ಎಷ್ಟು ಜನಕ್ಕೆ ತಡವಾಯಿತು ಎಂದು ಎಣಿಸುವುದಿಲ್ಲ. ಆ ಎಣಿಕೆಯನ್ನು ಕಡಿಮೆ ಮಾಡುವ ವಿಧಾನವನ್ನು ಜೆ.ಎಂ. ಮೂರ್ 1968ರಲ್ಲಿ ಪ್ರಕಟಿಸಿದರು. ಗಡುವಿನ ಕ್ರಮದಲ್ಲೇ ಒಂದೊಂದಾಗಿ ಸೇರಿಸುತ್ತ ಹೋಗಿ. ಎಲ್ಲಿ ಗಡುವು ಮೀರಿತೋ ಅಲ್ಲಿ ನಿಂತು, ಅಲ್ಲಿಯವರೆಗೆ ಸೇರಿಸಿದವುಗಳಲ್ಲಿ ಅತಿ ಉದ್ದದ ಕೆಲಸವನ್ನು ತೆಗೆದು ಪಕ್ಕಕ್ಕಿಡಿ. ಫ್ಲ್ಯಾಂಜ್ ಮತ್ತು ಬುಷ್ ಸೇರಿದರೆ 22, ಗಡುವು 16. ಉದ್ದದ್ದು ಬುಷ್, ಅದು ಹೊರಗೆ. ಪಿನ್ ಸೇರಿಸಿದರೆ 22, ಸರಿ. ಸ್ಪೇಸರ್ 31, ಸರಿ. ಶಾಫ್ಟ್ ಸೇರಿಸಿದರೆ 53, ಮೀರಿತು, ಅದೂ ಹೊರಗೆ. ಮೂರು ಪಾರ್ಟಿಗೆ ಮಾತಿನಂತೆ ಮಾಲು, ಇಬ್ಬರಿಗೆ ತಡ. ಮೆಷಿನ್ ಒಂದು ಕೆಟ್ಟಿದ್ದರೂ ಒಂದರ ಬದಲು ಮೂರು ಉಳಿದವು.

ಮೂರ್ ಅವರ ಲೆಕ್ಕಕ್ಕೆ ಎಲ್ಲ ಗ್ರಾಹಕರೂ ಸಮಾನ. ಬುಷ್‌ನವರ ಅಸೆಂಬ್ಲಿ ಲೈನ್ ನಿಂತುಹೋಗುತ್ತದೆ, ಪಿನ್‌ನವರದು ಬರೀ ಸ್ಟಾಕಿಗೆ ಎಂಬುದು ಮಾಲೀಕರಿಗಷ್ಟೇ ಗೊತ್ತು. ಆಗ ಪಟ್ಟಿಯನ್ನು ಕೈಯಿಂದ ತಿದ್ದಬೇಕು. ಪಕ್ಕಕ್ಕಿಟ್ಟ ಕೆಲಸವನ್ನು ಪಕ್ಕದ ಶೆಡ್ಡಿನವರಿಗೆ ಜಾಬ್ ವರ್ಕ್‌ಗೆ ಕೊಡಬಹುದಾದರೆ ಇನ್ನೂ ಒಳ್ಳೆಯದು. ಕೊಡಲು ಶಾಫ್ಟ್ ಸೂಕ್ತ, ಶುಕ್ರವಾರದವರೆಗೆ ಸಮಯವಿದೆ. ಬುಷ್‌ಗೆ ಆ ಅವಕಾಶವೂ ಇಲ್ಲ. ಅವರಿಗೆ ತಡವಾಗುವುದು ಖಚಿತ ಎಂದು ಸೋಮವಾರ ಬೆಳಿಗ್ಗೆಯೇ ಬೋರ್ಡ್ ಹೇಳಿರುತ್ತದೆ. ಹಾಗಾದರೆ ಅವರಿಗೆ ಫೋನ್ ಮಾಡಿ ಹೊಸ ತಾರೀಖು ಹೇಳಬೇಕಾದ್ದೂ ಸೋಮವಾರ ಬೆಳಿಗ್ಗೆಯೇ, ಅವರು ಬೇರೆ ದಾರಿ ನೋಡಿಕೊಳ್ಳಲು ಇನ್ನೂ ಎರಡು ದಿನ ಇರುವಾಗ.