ಹೊಗಳಿಕೆಗೆ ಸಿಕ್ಕ ಕೂಲಿಯನ್ನು ಮುಚ್ಚಿಡುವುದು ಮೋಸ
(ಜುಮಾ ಖುತ್ಬಾದ ಸಾರಾಂಶ)



ಹಿಂದೆ ಪುತ್ತೂರು ಪೇಟೆಯಲ್ಲೋ ಸುಳ್ಯದಲ್ಲೋ ಹೊಸ ಬಟ್ಟೆ ಅಂಗಡಿ ತೆರೆದರೆ ಒಂದು ಆಟೋರಿಕ್ಷಾಕ್ಕೆ ಮೈಕ್ ಕಟ್ಟಿ ಊರೂರು ಸುತ್ತಿಸುತ್ತಿದ್ದರು. ಆ ಮೈಕಿನ ಬಾಡಿಗೆ ಅಂಗಡಿಯವನದ್ದು ಎಂದು ಕೇಳುವ ಮಕ್ಕಳಿಗೂ ಗೊತ್ತಿತ್ತು. ಈಗ ಆ ಮೈಕಿನ ಜಾಗಕ್ಕೆ ನಮ್ಮದೇ ಊರಿನ, ನಮ್ಮದೇ ಜಮಾಅತಿನ ಯುವಕರ ರೀಲ್ಸ್ ಬಂದಿದೆ. ಬ್ಯಾರಿಯಲ್ಲೋ ಕನ್ನಡದಲ್ಲೋ ಮನೆಯವರಂತೆ ಮಾತನಾಡಿ, ಈ ಹೋಟೆಲಿನ ಮಂದಿ ತಿಂದೆ, ಈ ಎಣ್ಣೆ ಹಚ್ಚಿದೆ, ಈ ಟ್ರಾವೆಲ್ಸಿನಲ್ಲಿ ಉಮ್ರಾಕ್ಕೆ ಹೋದೆ, ಎಲ್ಲವೂ ಚೆನ್ನಾಗಿತ್ತು ಎನ್ನುತ್ತಾರೆ. ಮೈಕಿನ ಬಾಡಿಗೆ ಯಾರು ಕೊಟ್ಟರು ಎಂಬುದು ಮಾತ್ರ ಇಲ್ಲಿ ಕಾಣುವುದಿಲ್ಲ. ನಾವು ಈ ವಾರ ಹೇಳಹೊರಟದ್ದು ಆ ಕಾಣದ ಬಾಡಿಗೆಯ ಬಗ್ಗೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ವ್ಯಾಪಾರಿಯ ಸರಕನ್ನು ಜನರಿಗೆ ಪರಿಚಯಿಸಿ ಕೂಲಿ ಪಡೆಯುವುದು ಹರಾಮಲ್ಲ. ದಲ್ಲಾಳಿಯ ಕೂಲಿಯ ಬಗ್ಗೆ ಇಮಾಮ್ ಬುಖಾರಿಯವರು ತಮ್ಮ ಗ್ರಂಥದಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದ್ದಾರೆ. ಇಬ್ನು ಸೀರೀನ್, ಹಸನ್ ಬಸ್ವರಿ ಮುಂತಾದ ಹಿರಿಯರು ಅದರಲ್ಲಿ ತಪ್ಪು ಕಾಣಲಿಲ್ಲ ಎಂದು ಅಲ್ಲಿ ದಾಖಲಿಸಿದ್ದಾರೆ. ಸರಕು ಹಲಾಲ್ ಆಗಿದ್ದು, ಮಾತು ಸತ್ಯವಾಗಿದ್ದರೆ, ವಿಡಿಯೊ ಮಾಡುವ ಯುವಕನ ದುಡಿಮೆಯೂ ದುಡಿಮೆಯೇ. ಪ್ರಶ್ನೆ ಇರುವುದು ಕೂಲಿ ಪಡೆದದ್ದರಲ್ಲಲ್ಲ. ಕೂಲಿ ಪಡೆದ ಮಾತನ್ನು ಸ್ವಂತ ಅನುಭವದ ಮಾತೆಂದು ನಂಬಿಸುವುದರಲ್ಲಿ.

ನಮ್ಮ ಕಡೆಯ ಪಳ್ಳಿ ದರ್ಸ್‌ಗಳಲ್ಲಿ ಇಂದಿಗೂ ಓದಿಸುವ ‘ಫತ್‌ಹುಲ್ ಮುಈನ್’ ಎಂಬ ಶಾಫಿಈ ಕರ್ಮಶಾಸ್ತ್ರ ಗ್ರಂಥವನ್ನು 16ನೇ ಶತಮಾನದಲ್ಲಿ ಬರೆದವರು ಮಲಬಾರಿನ ಝೈನುದ್ದೀನ್ ಮಖ್ದೂಮ್. ಅದರ ವ್ಯಾಪಾರದ ಭಾಗದಲ್ಲಿ ‘ನಜಶ್’ ಎಂಬ ಮಾತು ಬರುತ್ತದೆ. ಕೊಳ್ಳುವ ಮನಸ್ಸಿಲ್ಲದವನು ಹರಾಜಿನಲ್ಲಿ ಸುಮ್ಮನೆ ಬೆಲೆ ಏರಿಸುತ್ತಾ ಹೋಗುವುದು, ಅದನ್ನು ನೋಡಿ ಇನ್ನೊಬ್ಬ ಮೋಸಹೋಗಿ ಹೆಚ್ಚು ಬೆಲೆ ಕೊಡುವುದು ನಜಶ್. ಇದನ್ನು ಪ್ರವಾದಿ(ಸ)ರು ನಿಷೇಧಿಸಿದ್ದಾರೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಜನರಿಗೆ ಆಸೆ ಹುಟ್ಟಿಸಲು ಸುಳ್ಳು ಹೇಳಿ ಸರಕನ್ನು ಹೊಗಳುವುದೂ ನಜಶ್‌ನಂತೆಯೇ ಎಂದು ಮಖ್ದೂಮರು ಅಲ್ಲೇ ಸೇರಿಸುತ್ತಾರೆ.

ಹರಾಜಿನಲ್ಲಿ ನಿಂತವನು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿರುವುದಿಲ್ಲ ಎಂಬುದನ್ನು ಗಮನಿಸಿ. ಬೆಲೆ ಮಾತ್ರ ಕೂಗಿರುತ್ತಾನೆ. ಆದರೆ ‘ನಾನೂ ನಿಮ್ಮಂತೆ ಕೊಳ್ಳಲು ಬಂದವನು’ ಎಂಬ ವೇಷ ಹಾಕಿರುತ್ತಾನೆ. ಆ ವೇಷವೇ ಮೋಸ. ಹಣ ಪಡೆದದ್ದನ್ನು ಮುಚ್ಚಿಟ್ಟು ಗಿರಾಕಿಯಂತೆ ಮಾತನಾಡುವವನ ವೇಷವೂ ಅದೇ. ಇಂತಹ ವ್ಯಾಪಾರದಲ್ಲಿ ಮೋಸಹೋದ ಖರೀದಿದಾರನಿಗೆ ಸರಕು ಹಿಂದಿರುಗಿಸುವ ಹಕ್ಕಿಲ್ಲ ಎಂಬುದು ನಮ್ಮ ಮದ್‌ಹಬಿನ ಪ್ರಬಲ ಅಭಿಪ್ರಾಯ. ವಿಚಾರಿಸದೆ ಕೊಂಡದ್ದು ಅವನ ಕೊರತೆ. ಹಾಗಾಗಿ ಹೋದ ಹಣ ಹೋಯಿತು. ಆದರೆ ಬೆಲೆ ಏರಿಸಿದವನ ಪಾಪ ಅವನ ಹೆಗಲ ಮೇಲೆಯೇ ಉಳಿಯುತ್ತದೆ.

ಸಾಕ್ಷಿಯ ನಿಯಮವೂ ಇದೇ ದಾರಿಯಲ್ಲಿದೆ. ತನ್ನ ಮಾತಿನಿಂದ ತನಗೇ ಲಾಭವಾಗುವುದಿದ್ದರೆ ಆ ವಿಷಯದಲ್ಲಿ ಅವನ ಸಾಕ್ಷಿಯನ್ನು ಖಾಝಿ ಸ್ವೀಕರಿಸುವುದಿಲ್ಲ. ಅವನು ಎಷ್ಟೇ ದೊಡ್ಡ ಸಜ್ಜನನಾಗಿರಲಿ. ಅವನು ಸುಳ್ಳುಗಾರನೆಂದಲ್ಲ, ಲಾಭವು ಮಾತನ್ನು ಬಾಗಿಸುತ್ತದೆ ಎಂಬ ಕಾರಣಕ್ಕೆ. ಫೋನಿನ ಮುಂದೆ ಕುಳಿತ ಪ್ರತಿಯೊಬ್ಬ ತಾಯಿಯೂ ಒಂದು ರೀತಿಯಲ್ಲಿ ಖಾಝಿಯೇ. ಈ ಮಾತಿಗೆ ಎಷ್ಟು ತೂಕ ಕೊಡಬೇಕು ಎಂದು ಆಕೆ ತೀರ್ಮಾನಿಸಬೇಕು. ಲಾಭದ ವಿಷಯವನ್ನು ಮುಚ್ಚಿಟ್ಟರೆ ಅವಳ ಕೈಯಲ್ಲಿನ ತಕ್ಕಡಿಯನ್ನೇ ಕೆಡಿಸಿದಂತೆ.

ಇದರಿಂದ ಏನಾಗುತ್ತದೆ ಎಂಬುದನ್ನು ಕರ್ನಾಟಕದ ಮುಸ್ಲಿಮರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬೆಂಗಳೂರಿನ ಐಎಂಎ ಕಂಪೆನಿ ಬಡ್ಡಿಯಿಲ್ಲದ ಹಲಾಲ್ ಲಾಭ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಅದು ಕುಸಿಯಿತು. 40,000ಕ್ಕೂ ಹೆಚ್ಚು ಮಂದಿ ಪೊಲೀಸರಿಗೆ ದೂರು ಕೊಟ್ಟರು. ಮಗಳ ಮದುವೆಗೆ, ಹಜ್ಜಿಗೆ ಕೂಡಿಟ್ಟ ಹಣ ಅದರಲ್ಲಿತ್ತು. ಅವರಲ್ಲಿ ಎಷ್ಟೋ ಮಂದಿ ಕಂಪೆನಿಯ ಲೆಕ್ಕಪತ್ರ ನೋಡಿ ಹಣ ಹಾಕಿದವರಲ್ಲ, ತಾವು ಗೌರವಿಸುವವರ ಒಳ್ಳೆಯ ಮಾತನ್ನು ನಂಬಿ ಹಾಕಿದವರು. ಕಂಪೆನಿಯಿಂದ ಕೊಡುಗೆ ಪಡೆದು ಪ್ರಚಾರ ಮಾಡಿದರೆಂಬ ಆರೋಪದಲ್ಲಿ ವಿಶೇಷ ತನಿಖಾ ತಂಡವು ಒಬ್ಬ ಧರ್ಮಪಂಡಿತರನ್ನೂ ಬಂಧಿಸಿತು. ಆರೋಪದ ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ನಮ್ಮಂತಹ ಇಮಾಮರಿಗೆ ಅದರಲ್ಲಿರುವ ಪಾಠವೇನೆಂದರೆ, ಈ ನಿಯಮ ರೀಲ್ಸ್ ಮಾಡುವ ಹುಡುಗರಿಗೆ ಮಾತ್ರವಲ್ಲ, ಮಿಂಬರ್ ಹತ್ತುವವರಿಗೂ ಅನ್ವಯಿಸುತ್ತದೆ.

ಈಗ ನಮ್ಮೂರಿನ ಮಟ್ಟಕ್ಕೆ ಬರೋಣ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. 40,000 ಫಾಲೋವರ್‌ಗಳಿರುವ ಯುವಕನಿಗೆ ಒಂದು ಟ್ರಾವೆಲ್ಸ್ 90,000 ರೂಪಾಯಿಯ ಉಮ್ರಾ ಪ್ಯಾಕೇಜನ್ನು ಉಚಿತವಾಗಿ ಕೊಡುತ್ತದೆ. ಅವನ ಹೆಸರು ಹೇಳಿ ಸೇರುವ ಪ್ರತಿಯೊಬ್ಬರಿಗೆ 1,000 ರೂಪಾಯಿ ಕಮಿಷನ್ ಎಂದೂ ಮಾತಾಗುತ್ತದೆ. 30 ಮಂದಿ ಸೇರಿದರೆ ಅವನಿಗೆ ಸಿಕ್ಕಿದ್ದು ಒಟ್ಟು 1,20,000 ರೂಪಾಯಿಯ ಪ್ರಯೋಜನ. ಅವನು ಮಕ್ಕಾದಿಂದ ವಿಡಿಯೊ ಹಾಕುತ್ತಾನೆ: ಊಟ ಮನೆಯಂತಿದೆ, ರೂಮಿನಿಂದ ಹರಮ್‌ಗೆ ನಡೆದೇ ಹೋಗಬಹುದು, ಕಣ್ಣುಮುಚ್ಚಿ ಬನ್ನಿ.

ಇದರಲ್ಲಿ ಊಟದ ಮಾತು ಅವನು ಕಂಡು ಹೇಳಿದ್ದು, ಸತ್ಯ. ರೂಮಿನ ಮಾತು ಅವನ ಮಟ್ಟಿಗೆ ಸತ್ಯ. ಆದರೆ ಮುಂದಿನ ತಂಡಕ್ಕೂ ಅದೇ ಹೋಟೆಲ್ ಎಂಬುದು ಅವನಿಗೆ ತಿಳಿಯದು. ಕಡಬದ ಒಬ್ಬ ವೃದ್ಧೆ ಇದನ್ನು ನಂಬಿ ಹೊರಟು, ಅಲ್ಲಿ ಮೂರು ಕಿಲೋಮೀಟರ್ ದೂರದ ರೂಮಿನಿಂದ ಪ್ರತಿ ನಮಾಝಿಗೂ ಬಸ್ಸು ಕಾಯಬೇಕಾಗಬಹುದು. ಅವನು ಹೇಳದೆ ಬಿಟ್ಟದ್ದೇ ಎಲ್ಲಕ್ಕಿಂತ ದೊಡ್ಡದು. 90,000 ರೂಪಾಯಿ ಎಣಿಸಿ ಕೊಟ್ಟವನೊಬ್ಬ ತೃಪ್ತಿಯಿಂದ ಮಾತನಾಡುತ್ತಿದ್ದಾನೆ ಎಂದು ಆ ತಾಯಿ ತಿಳಿದಿದ್ದಳು. ಅವನು ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ.

ಅವನು ವಿಡಿಯೊದ ಆರಂಭದಲ್ಲೇ, ‘ಈ ಯಾತ್ರೆ ಟ್ರಾವೆಲ್ಸಿನವರು ನನಗೆ ಉಚಿತವಾಗಿ ಕೊಟ್ಟದ್ದು, ನನ್ನ ಹೆಸರು ಹೇಳಿ ಸೇರಿದರೆ ನನಗೆ ಸಾವಿರ ರೂಪಾಯಿ ಸಿಗುತ್ತದೆ’ ಎಂದಿದ್ದರೆ? ಜನ ಬಹುಶಃ ಆಗಲೂ ಹೋಗುತ್ತಿದ್ದರು. ಆದರೆ ಹೋಗುವ ಮೊದಲು ಹೋಟೆಲಿನ ಹೆಸರು, ಹರಮ್‌ನಿಂದ ದೂರ, ರದ್ದಾದರೆ ಹಣ ವಾಪಸಾಗುವ ಬಗೆ ಇವನ್ನು ಬರಹದಲ್ಲಿ ಕೇಳಿ ಪಡೆಯುತ್ತಿದ್ದರು. ಮುಚ್ಚಿಟ್ಟ ಒಂದು ಮಾತು ಆ ಪ್ರಶ್ನೆಗಳನ್ನೇ ಕಸಿದುಕೊಂಡಿತು.

ದೇಶದ ಕಾನೂನು ಕೇಳುವುದೂ ಇದನ್ನೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಾಮಾಜಿಕ ಮಾಧ್ಯಮದವರಿಗಾಗಿಯೇ ವಿವರ ಪ್ರಕಟಿಸಿತು. ನಗದು ಮಾತ್ರವಲ್ಲ, ಉಚಿತ ವಸ್ತು, ಉಚಿತ ಪ್ರವಾಸ, ಹೋಟೆಲ್ ವಾಸ, ರಿಯಾಯಿತಿ, ಅಂಗಡಿಯವರೊಂದಿಗಿನ ಕುಟುಂಬ ಸಂಬಂಧ ಇವೆಲ್ಲವನ್ನೂ ತಿಳಿಸಬೇಕು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ವಿಡಿಯೊದ ಒಳಗೇ, ಕಣ್ಣಿಗೂ ಕಿವಿಗೂ ತಿಳಿಯುವಂತೆ ಹೇಳಬೇಕು. ಕೆಳಗಿನ ವಿವರಣೆಯಲ್ಲಿ ಹತ್ತಾರು ಹ್ಯಾಶ್‌ಟ್ಯಾಗ್‌ಗಳ ನಡುವೆ #ad ಎಂದು ತುರುಕಿದರೆ ಸಾಲದು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ನಾವು ಕೇಳುವ ಉತ್ತರಗಳು ಹೆಚ್ಚಾಗಿ ಎರಡು. ಹಣ ತೆಗೆದುಕೊಂಡಿಲ್ಲ, ಊಟ ಮಾತ್ರ ಕೊಟ್ಟರು ಎಂಬುದು ಒಂದು. ಊಟವೂ ಲಾಭವೇ. ಹೇಳಲು ನಾಚಿಕೆಯಿಲ್ಲದಷ್ಟು ಚಿಕ್ಕದಾಗಿದ್ದರೆ ಹೇಳುವುದರಲ್ಲಿ ಕಷ್ಟವೇನು? ನನಗೆ ನಿಜವಾಗಿಯೂ ಇಷ್ಟವಾಯಿತು ಎಂಬುದು ಇನ್ನೊಂದು. ಇರಬಹುದು, ಆದರೆ ಎರಡನ್ನೂ ಹೇಳಬಹುದಲ್ಲ. ಇನ್ನು ಕೆಲವರು, ಹಣ ಪಡೆದಿದ್ದೇನೆ ಎಂದು ಹೇಳಿದರೆ ಎಲ್ಲವೂ ಸರಿಯಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಬೆಟ್ಟಿಂಗ್ ಆ್ಯಪಿನ ಪ್ರಚಾರಕ್ಕೆ ಸಾವಿರ ಬಾರಿ ಜಾಹೀರಾತು ಎಂದು ಬರೆದರೂ ಜೂಜು ಜೂಜೇ. ಕೂಲಿಯನ್ನು ತಿಳಿಸಿದರೆ ಸುಳ್ಳು ಸತ್ಯವಾಗುವುದಿಲ್ಲ. ಗೋಣಿಯ ಮೇಲೆ ಬಿಳಿ ಚಾಲಿ ಹರಡಿ ಅಡಿಯಲ್ಲಿ ಕರಿಗೋಟು ತುಂಬಿದರೆ ಅಡಿಕೆ ವ್ಯಾಪಾರದಲ್ಲಿ ಅದಕ್ಕೆ ಏನೆನ್ನುತ್ತಾರೆಂದು ನಮ್ಮವರಿಗೆ ಗೊತ್ತು. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ಅಡಿಯ ತೇವವನ್ನು ಕಂಡಾಗ, ಅದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಕೇಳಿದ್ದರು. ಮೋಸಗಾರನು ನಮ್ಮವನಲ್ಲ ಎಂಬ ಎಚ್ಚರಿಕೆ ಬಂದದ್ದು ಆಗಲೇ.

ಮನೆಯವರು ಗುರುತಿಸುವುದು ಹೇಗೆ? ಅವರ ಹೆಸರಿನ ರಿಯಾಯಿತಿ ಕೋಡ್ ಇದ್ದರೆ ಸಾಮಾನ್ಯವಾಗಿ ಕಮಿಷನ್ ಇರುತ್ತದೆ. ಒಂದೇ ವಾರದಲ್ಲಿ ಮೂರು ಪೇಜ್‌ಗಳು ಒಂದೇ ಅಂಗಡಿಯನ್ನು ಒಂದೇ ಮಾತಿನಲ್ಲಿ ಹೊಗಳಿದರೆ ಆ ಮಾತು ಅಂಗಡಿಯಲ್ಲೇ ಬರೆದದ್ದಿರಬಹುದು. ಒಂದು ಕೊರತೆಯನ್ನೂ ಹೇಳದೆ ಕೊನೆಗೆ ಫೋನ್ ನಂಬರ್ ಕೊಟ್ಟರೆ ಅದನ್ನು ಜಾಹೀರಾತೆಂದೇ ನೋಡಿ. ಇನ್‌ಸ್ಟಾಗ್ರಾಮಿನಲ್ಲಿ ಹೆಸರಿನ ಬಳಿ Paid partnership ಎಂದಿದ್ದರೆ ಅದು ಹಣ ಅಥವಾ ಪ್ರತಿಫಲ ಪಡೆದ ಪ್ರಚಾರ. ಆದರೆ ಇವು ಗುರುತುಗಳು ಮಾತ್ರ, ಪುರಾವೆಗಳಲ್ಲ. ಯಾವ ಲಾಭವೂ ಇಲ್ಲದೆ ಹೊಗಳುವವರೂ ಇದ್ದಾರೆ. ಅವರ ಮೇಲೆ ಕೆಟ್ಟ ಗುಮಾನಿ ಪಡುವುದೂ ಪಾಪ. ಸಂಶಯವಿದ್ದರೆ ಆರೋಪ ಹೊರಿಸದೆ, ‘ಇದು ಪ್ರಮೋಷನ್ ಆಗಿತ್ತಾ?’ ಎಂದು ಕೇಳಿ. ನಷ್ಟವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಈಗಾಗಲೇ ಹೀಗೆ ವಿಡಿಯೊ ಹಾಕಿದ ಯುವಕರಿಗೆ ಒಂದು ಮಾತು. ಮನಸ್ಸಿನಲ್ಲೇ ತೌಬಾ ಮಾಡಿ ಸುಮ್ಮನಾದರೆ ಇದು ಮುಗಿಯುವುದಿಲ್ಲ. ಸತ್ಯವನ್ನು ಬಚ್ಚಿಟ್ಟವರ ಬಗ್ಗೆ ಅಲ್‌ಬಖರ ಅಧ್ಯಾಯದ 160ನೇ ವಚನ ಹೇಳುವಾಗ ಪಶ್ಚಾತ್ತಾಪದೊಂದಿಗೆ ಸರಿಪಡಿಸುವುದನ್ನೂ, ಬಹಿರಂಗವಾಗಿ ತಿಳಿಸುವುದನ್ನೂ ಸೇರಿಸಿದೆ. ಹಳೆಯ ವಿಡಿಯೊ ಅಳಿಸಿ, ಅಥವಾ ಅದರಲ್ಲೇ ತಿಳಿಸಿ. ಎಷ್ಟು ಜನರಿಗೆ ಮೊದಲ ಮಾತು ತಲುಪಿತೋ ಅಷ್ಟೇ ಜನರಿಗೆ ತಲುಪುವಂತೆ, ಅದೇ ಪೇಜಿನಲ್ಲಿ ನಿಜವನ್ನು ಹೇಳಿ. ಮುಂದಿನ ಬಾರಿ ಅಂಗಡಿಯವರು ಪ್ರಮೋಷನ್ ಎಂದು ಹೇಳಬೇಡಿ ಎಂದು ಷರತ್ತು ಹಾಕಿದರೆ ಆ ಕೆಲಸ ಬಿಟ್ಟುಬಿಡಿ. ಅವರು ಕೊಳ್ಳುತ್ತಿರುವುದು ನಿಮ್ಮ ವಿಡಿಯೊವನ್ನಲ್ಲ, ಜನ ನಿಮ್ಮ ಮೇಲಿಟ್ಟ ನಂಬಿಕೆಯನ್ನು. ಅದು ಜನರ ಅಮಾನತ್ತು, ಮಾರಲು ನಿಮ್ಮದಲ್ಲ.

ಅಲ್ಲಾಹು ನಮ್ಮ ಮಾತನ್ನೂ ದುಡಿಮೆಯನ್ನೂ ಶುದ್ಧವಾಗಿರಿಸಲಿ. ಆಮೀನ್.