ಲಾಗ್ ಬರೆದದ್ದಕ್ಕೇ ಲಕ್ಷ ರೂಪಾಯಿ

ತಿಂಗಳಿಗೆ 40,000 ರೂಪಾಯಿ ಆಸುಪಾಸಿನಲ್ಲಿ ಬರುತ್ತಿದ್ದ ಕ್ಲೌಡ್ ಬಿಲ್ ಈ ಸಲ 1.8 ಲಕ್ಷ ದಾಟಿದೆ ಎಂದಿಟ್ಟುಕೊಳ್ಳಿ. ಮಾಲೀಕರು ಕೇಳುವ ಮೊದಲ ಪ್ರಶ್ನೆ, ‘ವ್ಯಾಪಾರ ಅಷ್ಟೊಂದು ಜಾಸ್ತಿ ಆಯ್ತಾ?’ ಆಗಿಲ್ಲ. ಗಿರಾಕಿಗಳು ಅಷ್ಟೇ, ಆರ್ಡರುಗಳೂ ಅಷ್ಟೇ. ವೆಬ್‌ಸೈಟ್ ಒಂದು ನಿಮಿಷವೂ ನಿಂತಿಲ್ಲ, ಯಾರಿಂದಲೂ ದೂರು ಬಂದಿಲ್ಲ. ಎಲ್ಲವೂ ಸರಿಯಿದ್ದ ತಿಂಗಳಲ್ಲೇ ಬಿಲ್ ನಾಲ್ಕು ಪಟ್ಟಿಗಿಂತ ಹೆಚ್ಚಾಗಿದೆ.

ಇಂಥ ಬಿಲ್ ಬಂದಾಗ ಅನುಭವಸ್ಥರ ಅನುಮಾನ ಸಾಮಾನ್ಯವಾಗಿ ಮೂರರ ಮೇಲೆ ಹೋಗುತ್ತದೆ. ಯಾರೋ ಪರೀಕ್ಷೆಗೆಂದು ಶುರು ಮಾಡಿ ಮರೆತುಬಿಟ್ಟ ಸರ್ವರ್, ಹೊರಗೆ ಹರಿದುಹೋದ ಡೇಟಾ, ಅಥವಾ ಹುಚ್ಚುಹಿಡಿದಂತೆ ಬರೆಯುತ್ತಿರುವ ಲಾಗ್. ಮೊದಲೆರಡನ್ನು ಜನ ಬೇಗ ನೆನಪಿಸಿಕೊಳ್ಳುತ್ತಾರೆ. ಮೂರನೆಯದು ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಲಾಗ್ ಅಂದರೆ ಬರೀ ಅಕ್ಷರ. ಅಕ್ಷರಕ್ಕೆ ಎಷ್ಟು ಮಹಾ ಖರ್ಚಾದೀತು?

ಲಾಗ್ ಎಂದರೆ ಪ್ರೋಗ್ರಾಂ ತಾನು ಮಾಡಿದ ಕೆಲಸವನ್ನು ಸಾಲುಸಾಲಾಗಿ ಬರೆದಿಡುವ ದಿನಚರಿ. ಎಷ್ಟು ಗಂಟೆಗೆ ಯಾರು ಲಾಗಿನ್ ಆದರು, ಯಾವ ಪಾವತಿ ನಿಂತುಹೋಯಿತು, ಎಲ್ಲಿ ದೋಷ ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ಅಮೆಜಾನ್‌ನ ಎಡಬ್ಲ್ಯುಎಸ್ ಬಳಸುವವರಲ್ಲಿ ಬಹುಮಂದಿ ಇದನ್ನು ಕ್ಲೌಡ್‌ವಾಚ್ ಎಂಬ ಸೇವೆಗೆ ಕಳಿಸುತ್ತಾರೆ. ನಮ್ಮ ಉದಾಹರಣೆಯ ಕಂಪನಿ ಕಾಲ್ಪನಿಕವಾದರೂ ಅದಕ್ಕೆ ಬಂದ ಕಾಯಿಲೆ ಈ ಉದ್ಯೋಗದಲ್ಲಿರುವ ಯಾರಿಗೂ ಹೊಸದಲ್ಲ.

ಕಂಪನಿಯಲ್ಲಿ ಒಂದು ಮೂಲೆಯ ಕೆಲಸವಿದೆ: ಮಾರಾಟದ ಸಾರಾಂಶವನ್ನು ಒಂದು ಡೇಟಾಬೇಸ್‌ಗೆ ತುಂಬುವುದು. ಅದಕ್ಕೆಂದು ನಾಲ್ಕು ಚಿಕ್ಕ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತವೆ. ತಿಂಗಳ ಹತ್ತನೇ ತಾರೀಕು ಭದ್ರತೆಯ ನಿಯಮದಂತೆ ಡೇಟಾಬೇಸಿನ ಪಾಸ್‌ವರ್ಡ್ ಬದಲಾಯಿಸಿದರು. ಮುಖ್ಯ ವೆಬ್‌ಸೈಟಿಗೆ ಹೊಸ ಪಾಸ್‌ವರ್ಡ್ ಕೊಟ್ಟರು, ಈ ನಾಲ್ಕಕ್ಕೆ ಕೊಡುವುದು ತಪ್ಪಿಹೋಯಿತು. ಅಲ್ಲಿಂದ ಅವು ಬಾಗಿಲು ತಟ್ಟುತ್ತವೆ, ಡೇಟಾಬೇಸ್ ಒಳಗೆ ಬಿಡುವುದಿಲ್ಲ, ದೋಷವನ್ನು ಲಾಗ್‌ನಲ್ಲಿ ಬರೆದು ಆ ಕ್ಷಣವೇ ಮತ್ತೆ ತಟ್ಟುತ್ತವೆ. ನಡುವೆ ಒಂದು ಸೆಕೆಂಡೂ ಕಾಯಬೇಕೆಂದು ಪ್ರೋಗ್ರಾಂ ಬರೆದವರು ಹೇಳಿಲ್ಲ.

ಒಂದು ಪ್ರಯತ್ನಕ್ಕೆ 20 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 50 ಪ್ರಯತ್ನ, ನಾಲ್ಕೂ ಸೇರಿ 200. ದೋಷ ಬಂದಾಗ ಬರೆಯುವುದು ಒಂದು ಸಾಲನ್ನಲ್ಲ. ಯಾವ ಫೈಲಿನ ಯಾವ ಸಾಲಿನಿಂದ ಯಾವುದನ್ನು ಕರೆಯಲಾಯಿತು ಎಂಬ ಇಡೀ ವಂಶಾವಳಿಯೇ ಅಲ್ಲಿರುತ್ತದೆ. ಅದಕ್ಕೆ ಸ್ಟ್ಯಾಕ್ ಟ್ರೇಸ್ ಎನ್ನುತ್ತಾರೆ. ಒಂದಕ್ಕೆ 8 ಕೆಬಿ ಎನ್ನುವುದು ದೊಡ್ಡ ಮಾತೇನಲ್ಲ. ಆ ಲೆಕ್ಕದಲ್ಲಿ ಸೆಕೆಂಡಿಗೆ 1.6 ಎಂಬಿ ಆಗುತ್ತದೆ, ದಿನಕ್ಕೆ ಸುಮಾರು 130 ಜಿಬಿ. ಇಪ್ಪತ್ತು ದಿನ ಯಾರೂ ನೋಡದಿದ್ದರೆ 2,600 ಜಿಬಿ, ಅದೂ ಒಂದೇ ವಾಕ್ಯದ ಪುನರಾವರ್ತನೆ.

ಎಡಬ್ಲ್ಯುಎಸ್ ದರ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಅಮೆರಿಕದ ವರ್ಜೀನಿಯಾದ ದರ ಹಿಡಿದರೆ ಕ್ಲೌಡ್‌ವಾಚ್ ಲಾಗ್ ಒಳಗೆ ತೆಗೆದುಕೊಳ್ಳಲು ಜಿಬಿಗೆ ಅರ್ಧ ಡಾಲರ್. ಮುಂಬೈನಲ್ಲಿ ಇನ್ನೂ ಹೆಚ್ಚು. ಕಡಿಮೆ ದರದಲ್ಲೇ ಲೆಕ್ಕ ಹಾಕಿದರೂ 2,600 ಜಿಬಿಗೆ 1,300 ಡಾಲರ್. ಡಾಲರಿಗೆ 85 ರೂಪಾಯಿ ಎಂದುಕೊಂಡರೆ 1,10,500 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ.

ಬಿಲ್ ನೋಡಿ ಗಾಬರಿಯಾದವರು ಮಾಡುವ ಮೊದಲ ಕೆಲಸ ಹಳೆಯ ಲಾಗ್ ಅಳಿಸುವುದು. ಕ್ಲೌಡ್‌ವಾಚ್‌ನಲ್ಲಿ ನಾವಾಗಿ ಹೇಳದಿದ್ದರೆ ಲಾಗ್ ಎಂದೂ ಅಳಿಯುವುದಿಲ್ಲ. ಆದ್ದರಿಂದ ‘ವರ್ಷಗಟ್ಟಲೆ ಕೂಡಿಟ್ಟದ್ದಕ್ಕೇ ಇಷ್ಟು ಬಂದಿದೆ’ ಎಂದು ಅನಿಸುವುದು ಸಹಜ. ಆದರೆ ಕೂಡಿಡುವುದರ ದರ ನೋಡಿ. ಲಾಗ್ ಅನ್ನು ಹಿಂಡಿ ಇಡಲಾಗುತ್ತದೆ; ಅಮೆಜಾನ್ ತನ್ನ ದರಪಟ್ಟಿಯ ಉದಾಹರಣೆಗಳಲ್ಲಿ ಹಿಂಡಿದ ಮೇಲೆ ಉಳಿಯುವುದು ಮೂಲದ ಶೇಕಡಾ 15 ಎಂದು ಹಿಡಿಯುತ್ತದೆ. ನಮ್ಮ 2,600 ಜಿಬಿ ಹೀಗೆ 390 ಜಿಬಿ ಆಗುತ್ತದೆ. ಜಿಬಿಗೆ ತಿಂಗಳಿಗೆ 3 ಸೆಂಟ್‌ನಂತೆ ಹನ್ನೆರಡು ಡಾಲರ್ ಒಳಗೇ ಮುಗಿಯಿತು. ಎಪಿಎಂಸಿಯಲ್ಲಿ ಹೊರೆ ಇಳಿಸಿದ ಹಮಾಲಿಗೆ ಸಾವಿರಗಟ್ಟಲೆ ಕೊಟ್ಟು ಗೋದಾಮಿನ ಬಾಡಿಗೆಗೆ ಹತ್ತಿಪ್ಪತ್ತು ರೂಪಾಯಿ ಕೊಟ್ಟ ಹಾಗಿದು. ಗೋದಾಮು ಖಾಲಿ ಮಾಡಿದರೆ ಹಮಾಲಿಯ ದುಡ್ಡು ವಾಪಸ್ ಬರುವುದಿಲ್ಲ. ಅಳಿಸಿದವರು ಹನ್ನೆರಡು ಡಾಲರ್ ಉಳಿಸಿ, ತಪ್ಪು ಎಲ್ಲಿದೆ ಎಂದು ತೋರಿಸಬಹುದಾಗಿದ್ದ ಸಾಕ್ಷ್ಯವನ್ನೂ ಕಳೆದುಕೊಳ್ಳುತ್ತಾರೆ. ನಾಲ್ಕು ಪ್ರೋಗ್ರಾಂಗಳು ಬರೆಯುತ್ತಲೇ ಇರುತ್ತವೆ.

ಅದೇ ಲಾಗ್‌ಗೆ ಇನ್ನೊಂದು ಬಾಗಿಲಲ್ಲೂ ವಸೂಲಿ ನಡೆದಿರಬಹುದು. ಭದ್ರತೆಗೆಂದು ಸರ್ವರುಗಳನ್ನು ಇಂಟರ್ನೆಟ್ಟಿಗೆ ನೇರ ದಾರಿಯಿಲ್ಲದ ಖಾಸಗಿ ಜಾಲದಲ್ಲಿ ಇಡುವುದು ವಾಡಿಕೆ. ಅವು ಹೊರಗೆ ಮಾತಾಡಬೇಕೆಂದರೆ ನ್ಯಾಟ್ ಗೇಟ್‌ವೇ ಮೂಲಕ ಹೋಗಬೇಕು. ಪ್ರತ್ಯೇಕ ಒಳದಾರಿ ಹಾಕಿಕೊಳ್ಳದಿದ್ದರೆ ಕ್ಲೌಡ್‌ವಾಚ್‌ಗೆ ಹೋಗುವ ಲಾಗ್ ಕೂಡ ಈ ಗೇಟಿನಿಂದಲೇ ಹಾಯುತ್ತದೆ. ಗೇಟಿನ ಗಂಟೆ ಬಾಡಿಗೆಯಲ್ಲದೆ ಹಾದುಹೋದ ಪ್ರತಿ ಜಿಬಿಗೆ ವರ್ಜೀನಿಯಾದಲ್ಲಿ ನಾಲ್ಕೂವರೆ ಸೆಂಟ್. ಹಿಂಡದೆ ಕಳಿಸಿದ್ದರೆ ನಮ್ಮ ಲಾಗ್‌ಗೆ ಇನ್ನೂ 117 ಡಾಲರ್. ಬಿಲ್ಲಿನಲ್ಲಿ ಇದು ಲಾಗ್ ಎಂಬ ಹೆಸರಿನಲ್ಲಿ ಬರುವುದಿಲ್ಲ, ಬೇರೆಲ್ಲೋ ಸರ್ವರುಗಳ ‘ಇತರೆ’ ಖರ್ಚಿನ ಸಾಲಿನಲ್ಲಿ ಕೂತಿರುತ್ತದೆ. ಹೀಗಾಗಿ ಡೇಟಾ ಸಾಗಣೆಯದೇ ಬೇರೆ ತೊಂದರೆ ಇದೆಯೆಂದು ಇನ್ನೊಬ್ಬರನ್ನು ಹುಡುಕಲು ಕೂರಿಸುವುದೂ ಉಂಟು.

ಪತ್ತೆ ಶುರುವಾಗುವುದು ಕಾಸ್ಟ್ ಎಕ್ಸ್‌ಪ್ಲೋರರ್ ಎಂಬ ಪುಟದಲ್ಲಿ. ಖರ್ಚನ್ನು ಮೊದಲು ಸೇವೆಯ ಪ್ರಕಾರ ವಿಂಗಡಿಸಿದರೆ ಕ್ಲೌಡ್‌ವಾಚ್ ಉಬ್ಬಿರುವುದು ಕಾಣುತ್ತದೆ. ಆದರೆ ಕ್ಲೌಡ್‌ವಾಚ್ ಒಂದೇ ವಸ್ತುವಿಗೆ ದುಡ್ಡು ಕೇಳುವುದಿಲ್ಲ. ಅಲ್ಲಿಂದ `Usage type` ಪ್ರಕಾರ ಮತ್ತೆ ಒಡೆಯಬೇಕು. ಮುಂಬೈನಲ್ಲಿ ಸರ್ವರ್ ಇಟ್ಟವರಿಗೆ `APS3-DataProcessing-Bytes` ಎಂಬ ಸಾಲು ಸಿಗುತ್ತದೆ. `APS3` ಎಂದರೆ ಮುಂಬೈ, ಉಳಿದದ್ದು ಒಳಬಂದ ಲಾಗ್‌ನ ತೂಕ. `APS3-NatGateway-Bytes` ಕೂಡ ಅದೇ ದಿನದಿಂದ ಏರಿದ್ದರೆ ಎರಡೂ ಒಂದೇ ಕಾಯಿಲೆ ಎಂದು ಹೆಚ್ಚುಕಡಿಮೆ ಖಚಿತ.

ನನ್ನ ಮಟ್ಟಿಗೆ ಅಂಕಿಗಿಂತ ಗ್ರಾಫಿನ ಆಕಾರ ಹೆಚ್ಚು ಹೇಳುತ್ತದೆ. ಮರೆತ ಸರ್ವರಿನ ಖರ್ಚು ಯಾವುದೋ ಒಂದು ದಿನ ಮೆಟ್ಟಿಲಿನಂತೆ ಏರಿ ಆಮೇಲೆ ಚಪ್ಪಟೆಯಾಗಿ ಸಾಗುತ್ತದೆ, ಭಾನುವಾರವೂ ಅಷ್ಟೇ, ಹಬ್ಬದ ದಿನವೂ ಅಷ್ಟೇ. ಅದು ಸಿಕ್ಕದಿದ್ದರೆ ಇನ್ನೊಂದು ಪ್ರದೇಶದಲ್ಲಿ ನೋಡಬೇಕು, ಏಕೆಂದರೆ ಸರ್ವರುಗಳ ಪರದೆ ಒಂದು ಸಲಕ್ಕೆ ಒಂದೇ ಪ್ರದೇಶವನ್ನು ತೋರಿಸುತ್ತದೆ, ಬಿಲ್ ಎಲ್ಲವನ್ನೂ ಕೂಡಿಸುತ್ತದೆ. ನಿಲ್ಲಿಸಿದ ಸರ್ವರಿಗೂ ಅದರ ಡಿಸ್ಕಿನ ಬಾಡಿಗೆ ನಡೆದೇ ಇರುತ್ತದೆ. ಹೊರಹೋಗುವ ಡೇಟಾದ ಖರ್ಚು ಸಾಮಾನ್ಯವಾಗಿ ಗಿರಾಕಿಗಳ ಓಡಾಟವನ್ನು ಅನುಸರಿಸಿ ಏರಿಳಿಯುತ್ತದೆ. ಇನ್ನು ಲಾಗ್‌ಗೆ ಕ್ಲೌಡ್‌ವಾಚ್ ತಾನೇ ಇಡುವ `IncomingBytes` ಎಂಬ ಅಳತೆಯಿದೆ. ಪ್ರತಿ ಲಾಗ್ ಗುಂಪಿಗೆ ಅದನ್ನು ಬೇರೆಬೇರೆಯಾಗಿ ಬರೆದು ನೋಡಿದರೆ, ಆರೋಗ್ಯವಾಗಿರುವ ಗುಂಪುಗಳು ಹಗಲು ಉಬ್ಬಿ ರಾತ್ರಿ ಇಳಿಯುತ್ತವೆ. ನಮ್ಮ ನಾಲ್ಕು ಪ್ರೋಗ್ರಾಂಗಳ ಗುಂಪು ರಾತ್ರಿ ಮೂರು ಗಂಟೆಗೂ ಮಧ್ಯಾಹ್ನದಷ್ಟೇ ಎತ್ತರದಲ್ಲಿರುತ್ತದೆ. ಆ ಹೊತ್ತಿನಲ್ಲಿ ಬರೆಸುತ್ತಿರುವುದು ಗಿರಾಕಿಯಲ್ಲ.

ಗುಂಪು ಸಿಕ್ಕಮೇಲೆ ಯಾವ ಯಂತ್ರ ಬರೆಯುತ್ತಿದೆ ಎಂದು ಕೇಳಬಹುದು:

```
stats count(*) as n by @logStream
| sort n desc
| limit 10
```

ಇಲ್ಲೊಂದು ಎಚ್ಚರಿಕೆ. ಈ ಪ್ರಶ್ನೆಗೂ ದರವಿದೆ, ಹುಡುಕಿದ ಪ್ರತಿ ಜಿಬಿಗೆ ಅರ್ಧ ಸೆಂಟ್. ಇಡೀ ತಿಂಗಳ 2,600 ಜಿಬಿಯ ಮೇಲೆ ಕೇಳಿದರೆ ಒಂದು ಸಲಕ್ಕೆ ಹದಿಮೂರು ಡಾಲರ್. ನಾಲ್ಕು ಜನ ನಾಲ್ಕು ಕಡೆ ಕೂತು ಹತ್ತು ಹತ್ತು ಸಲ ಕೇಳಿದರೆ ತನಿಖೆಯೇ ಒಂದು ಹೊಸ ಖರ್ಚು. ಒಂದು ಗಂಟೆಯ ಅವಧಿ ಆಯ್ದುಕೊಂಡರೆ ಐದೂವರೆ ಜಿಬಿಯಲ್ಲಿ ಕೆಲಸ ಮುಗಿಯುತ್ತದೆ, ಮೂರು ಸೆಂಟೂ ಆಗುವುದಿಲ್ಲ. ಒಂದೇ ದೋಷ ಸೆಕೆಂಡಿಗೆ ಇನ್ನೂರು ಸಲ ಬರುತ್ತಿರುವಾಗ ಒಂದು ಗಂಟೆ ಧಾರಾಳವಾಯಿತು.

ಹೊಸ ಪಾಸ್‌ವರ್ಡ್ ಕೊಟ್ಟರೆ ಇವತ್ತಿನ ರಕ್ತಸ್ರಾವ ನಿಲ್ಲುತ್ತದೆ. ಮುಂದಿನ ಸಲಕ್ಕೆ ಬೇಕಾದ್ದು ಪ್ರೋಗ್ರಾಂನ ಸ್ವಭಾವದಲ್ಲೇ ಬದಲಾವಣೆ. ಸೋತಾಗ ಒಂದು ಸೆಕೆಂಡ್ ಕಾಯಬೇಕು, ಮತ್ತೆ ಸೋತರೆ ಎರಡು, ಆಮೇಲೆ ನಾಲ್ಕು, ಹೀಗೆ ದುಪ್ಪಟ್ಟಾಗುತ್ತ ಐದು ನಿಮಿಷಕ್ಕೆ ಬಂದು ನಿಲ್ಲಬೇಕು. ಐದು ನಿಮಿಷಕ್ಕೊಮ್ಮೆ ಎಂದರೆ ನಾಲ್ಕೂ ಸೇರಿ ದಿನಕ್ಕೆ 1,152 ಪ್ರಯತ್ನ, ಲಾಗ್ ಸುಮಾರು 9 ಎಂಬಿ. ಅದೇ ತಪ್ಪು ಇಪ್ಪತ್ತು ದಿನ ಕಣ್ಣುತಪ್ಪಿದರೂ ಖರ್ಚು ಹತ್ತು ಸೆಂಟ್ ಆಗುವುದಿಲ್ಲ. ‘ಲಾಗ್ ಕಡಿಮೆ ಬರೆಯಿರಿ’ ಎಂಬ ಸುತ್ತೋಲೆಗಿಂತ ಈ ಕಾಯುವ ನಾಲ್ಕು ಸಾಲಿನ ಕೋಡ್ ಹೆಚ್ಚು ಕೆಲಸ ಮಾಡುತ್ತದೆ. ದೋಷದ ವಿವರ ಲಾಗ್‌ನಲ್ಲಿ ಇರಲೇಬೇಕು, ಆದರೆ ಅದನ್ನೇ ಕೋಟಿಗಟ್ಟಲೆ ಸಲ ಬರೆದರೂ ಓದುವವನಿಗೆ ಹೊಸದೇನೂ ತಿಳಿಯುವುದಿಲ್ಲ.

ಲಾಗ್ ತನ್ನನ್ನು ತಾನೇ ತಿಂದು ಬೆಳೆಯುವ ಇನ್ನೊಂದು ಬಗೆಯೂ ಇದೆ. ಎಸ್3 ಎಂಬ ಫೈಲ್ ಸಂಗ್ರಹದಲ್ಲಿ, ಯಾರು ಯಾವ ಫೈಲ್ ಮುಟ್ಟಿದರು ಎಂಬ ದಾಖಲೆ ಬರೆಸಬಹುದು. ಆ ದಾಖಲೆಯನ್ನು ಇಡಲು ಅದೇ ಬಕೆಟ್ ತೋರಿಸಿದರೆ, ದಾಖಲೆಯ ಫೈಲ್ ಬಂದು ಬಿದ್ದದ್ದೂ ಒಂದು ಘಟನೆಯಾಗುತ್ತದೆ, ಅದಕ್ಕೊಂದು ದಾಖಲೆ, ಆ ದಾಖಲೆಗೊಂದು ದಾಖಲೆ. ಹಾಗೆ ಮಾಡಬೇಡಿ ಎಂದು ಅಮೆಜಾನ್ ಕೈಪಿಡಿಯಲ್ಲೇ ಬರೆದಿದೆ. ಬರೆದದ್ದನ್ನು ಓದುವುದು ಬಿಲ್ ಬಂದ ಮೇಲೆ.

ಇದಕ್ಕೆಲ್ಲ ಬಜೆಟ್ ಎಚ್ಚರಿಕೆ ಹಾಕಿಕೊಂಡರಾಯಿತಲ್ಲ ಎನ್ನಬಹುದು. ಹಾಕಿಕೊಳ್ಳಬೇಕು, ಆದರೆ ಅದರ ಮಿತಿ ಗೊತ್ತಿರಬೇಕು. ತಿಂಗಳಿಗೆ ಇಷ್ಟು ಎಂದು ಬರೆದಿಟ್ಟರೆ, ಆ ಗೆರೆ ದಾಟಿದಾಗ ಮೇಲ್ ಬರುತ್ತದೆ, ಸೇವೆ ತಾನಾಗಿ ನಿಲ್ಲುವುದಿಲ್ಲ. ಖರ್ಚಿನ ಅಂಕಿ ದಿನಕ್ಕೆ ಕೆಲವೇ ಸಲ ಹೊಸದಾಗುವುದರಿಂದ ಆ ಮೇಲ್ ಕೂಡ ಗಂಟೆಗಟ್ಟಲೆ ತಡ. `IncomingBytes` ಹಾಗಲ್ಲ, ನಿಮಿಷಗಳ ಲೆಕ್ಕದಲ್ಲಿ ಏರುತ್ತದೆ. ಮಾಮೂಲಿ ದಿನ ಒಂದು ಗುಂಪಿಗೆ ಗಂಟೆಗೆ ಎಷ್ಟು ಬರುತ್ತದೆ ಎಂದು ನೋಡಿ ಅದರ ಐದು ಪಟ್ಟಿಗೆ ಅಲಾರಂ ಇಟ್ಟಿದ್ದರೆ, ಹತ್ತನೇ ತಾರೀಕಿನ ಸಂಜೆಯೊಳಗೇ ಯಾರದೋ ಫೋನ್ ಹೊಡೆದುಕೊಳ್ಳುತ್ತಿತ್ತು, ಖರ್ಚು ಐವತ್ತು ಡಾಲರ್ ದಾಟುವ ಮೊದಲೇ.

ಬಿಲ್ ಬಂದಾಗಿದೆ ಎಂದರೆ ಎಡಬ್ಲ್ಯುಎಸ್‌ನ ಸಹಾಯ ವಿಭಾಗಕ್ಕೆ ಬರೆದು ನೋಡುವುದರಲ್ಲಿ ನಷ್ಟವಿಲ್ಲ. ಅಚಾತುರ್ಯದಿಂದ ಆದ ಖರ್ಚಿಗೆ ಒಂದು ಸಲಕ್ಕೆಂದು ಸ್ವಲ್ಪ ಭಾಗ ಮನ್ನಾ ಮಾಡಿದ ಉದಾಹರಣೆಗಳಿವೆ, ಮಾಡಲೇಬೇಕೆಂಬ ನಿಯಮವಿಲ್ಲ. ಯಾವ ದಿನ ಶುರುವಾಯಿತು, ಯಾವ ಗುಂಪು, ಎಷ್ಟು ಜಿಬಿ, ಮತ್ತೆ ಆಗದಂತೆ ಏನು ಮಾಡಿದಿರಿ ಎಂಬುದನ್ನು ಆ ಪತ್ರದಲ್ಲೇ ಬರೆದರೆ ಮಾತು ಬೇಗ ಮುಂದೆ ಹೋಗುತ್ತದೆ. ಗಾಬರಿಯಲ್ಲಿ ಲಾಗ್ ಗುಂಪನ್ನೇ ಅಳಿಸಿದವರ ಬಳಿ ಈ ವಿವರಕ್ಕೆ ಆಧಾರವಾಗುವ ಲಾಗ್ ಉಳಿದಿರುವುದಿಲ್ಲ.