ಮನೆಯೊಳಗೆ ಜೊತೆಗಾತಿ, ಮನೆಯಾಚೆ ‘ಹೌಸ್‌ಮೇಟ್’

ಮೆಲ್ಬರ್ನ್ ನಗರದ ಪಶ್ಚಿಮಕ್ಕಿರುವ ಟಾರ್ನೀಟ್ ಬಡಾವಣೆಯಲ್ಲಿ ನಮ್ಮ ಮನೆ. ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ, ಎರಡು ಬೀದಿ ಆಚೆ ವಾಸಿಸುವ ಹುಡುಗಿಯೊಬ್ಬಳು ಕೈಯಲ್ಲಿ ನಾಲ್ಕಾರು ಕಾಗದ ಹಿಡಿದು ಬಂದಳು. ಶಿವಮೊಗ್ಗ ಕಡೆಯವಳು. ಸ್ನಾತಕೋತ್ತರ ಓದಿಗೆಂದು ಬಂದು, ಓದು ಮುಗಿಸಿ, ಈಗ ಪದವೀಧರರಿಗೆ ಸಿಗುವ ತಾತ್ಕಾಲಿಕ ವೀಸಾದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಆ ವೀಸಾದ ಅವಧಿ ಮುಗಿಯಲು ಏಳು ತಿಂಗಳಷ್ಟೇ ಉಳಿದಿತ್ತು.

“ಅಕ್ಕಾ, ನಿಮ್ಮದೊಂದು ಸಹಿ ಬೇಕಿತ್ತು” ಎಂದಳು. ನೋಡಿದರೆ ಫಾರಂ 888. ಇಲ್ಲಿನ ಪಾರ್ಟ್‌ನರ್ ವೀಸಾಕ್ಕೆ ಅರ್ಜಿ ಹಾಕುವವರ ಪರವಾಗಿ ಪರಿಚಿತರು ಬರೆದುಕೊಡುವ ಹೇಳಿಕೆ ಅದು. ಈ ಇಬ್ಬರು ನಿಮಗೆ ಹೇಗೆ ಪರಿಚಯ, ಎಷ್ಟು ಬಾರಿ ಭೇಟಿಯಾಗುತ್ತೀರಿ, ಇವರ ಸಂಬಂಧ ನಿಜವಾದದ್ದೆಂದು ನೀವು ಏಕೆ ನಂಬುತ್ತೀರಿ ಎಂಬುದನ್ನು ಅದರಲ್ಲಿ ತಿಳಿಸಬೇಕು. ಸುಳ್ಳು ಬರೆದರೆ ಅದು ಅಪರಾಧ.

ಅವರಿಬ್ಬರೂ ಒಂದೇ ಮನೆಯಲ್ಲಿದ್ದರೆಂಬುದು ನನಗೆ ಗೊತ್ತಿತ್ತು. ಆದರೆ ಆ ಹುಡುಗ ನನಗೆ ಅವಳನ್ನು ಪರಿಚಯಿಸಿದ್ದು ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ, ಒಂದೇ ಮಾತಿನಲ್ಲಿ: “ಇವ್ರು ನಮ್ಮ ಹೌಸ್‌ಮೇಟ್.” ಅದಾದ ಮೇಲೆ ಎರಡು ವರ್ಷ ಅವನ ಬಾಯಿಂದ ಬೇರೆ ಶಬ್ದ ಬಂದದ್ದನ್ನು ನಾನು ಕೇಳಿರಲಿಲ್ಲ. ನಾನು ಊಹಿಸಿದ್ದೆನೇ ಹೊರತು ನನಗೆ ಯಾರೂ ಹೇಳಿರಲಿಲ್ಲ. ಊಹೆಯ ಮೇಲೆ ಸಹಿ ಹಾಕುವುದು ಹೇಗೆ?

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಲಕಿತು. ಬೆಳಗಿನ ಪಾಳಿ ಇದ್ದ ದಿನ ಐದಕ್ಕೆ ಎದ್ದು ಅವಳ ಡಬ್ಬಿಗೆ ಚಿತ್ರಾನ್ನ ಕಲಸಿಕೊಡುವವನು ಅವನೇ. ಜ್ವರ ಬಂದಾಗ ರಜೆ ಹಾಕಿ ಪಕ್ಕದಲ್ಲಿ ಕೂತವನೂ ಅವನೇ. ಆದರೆ ಊರಿನಿಂದ ಅಮ್ಮನ ವಿಡಿಯೊ ಕರೆ ಬಂದ ಕೂಡಲೇ ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಗ್ರೇಟ್ ಓಷನ್ ರೋಡಿನಲ್ಲಿ ಇಬ್ಬರೂ ಕೂಡಿ ಮಾಡಿದ ಪ್ರವಾಸದ ಚಿತ್ರಗಳು ಅವನ ಇನ್‌ಸ್ಟಾಗ್ರಾಂನಲ್ಲಿ ಇವೆ, ಎಲ್ಲದರಲ್ಲೂ ಅವನೊಬ್ಬನೇ. ತೆಗೆದವಳು ಇವಳು. “ಮೊದಮೊದಲು ನಗು ಬರ್ತಿತ್ತು ಅಕ್ಕ. ಈಗ ಫೋಟೊ ತೆಗಿ ಅಂದ್ರೆ ಕೈ ಬರಲ್ಲ” ಎಂದಳು.

ಪ್ರೀತಿಯನ್ನು ಬೀದಿಗೆ ತರದಿರುವುದು ನಮ್ಮ ಕಡೆ ಹೊಸದೇನಲ್ಲ. ನಮ್ಮ ತಂದೆತಾಯಿಗಳ ಕಾಲದಲ್ಲಿ ಗಂಡಹೆಂಡತಿ ಬಸ್ಸಿನಲ್ಲಿಯೂ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದರು. ಆದರೆ ಅವರು ಯಾರೆಂಬುದು ಊರಿಗೆಲ್ಲ ತಿಳಿದಿತ್ತು. ಪ್ರದರ್ಶನ ಬೇಡವೆನ್ನುವುದು ಒಂದು, ಇಲ್ಲವೆನ್ನುವುದು ಇನ್ನೊಂದು. ಮದುವೆಯಾಗದೆ ಒಟ್ಟಿಗೆ ಬಾಳುವವರಿಗೂ ಹಕ್ಕುಗಳನ್ನು ಕೊಡುವ ಆಸ್ಟ್ರೇಲಿಯಾದಲ್ಲಿ ಈ ಎರಡರ ನಡುವಿನ ಅಂತರವನ್ನು ಕಾನೂನೇ ಅಳೆಯುತ್ತದೆ.

ಇಂಥ ಜೋಡಿಯನ್ನು ಇಲ್ಲಿ ‘ಡಿ ಫ್ಯಾಕ್ಟೊ’ ಸಂಬಂಧ ಎನ್ನುತ್ತಾರೆ. 1994ರ ವಲಸೆ ನಿಯಮಾವಳಿಯ ಪ್ರಕಾರ ಅಧಿಕಾರಿ ನಾಲ್ಕು ಬಗೆಯಿಂದ ಅದನ್ನು ಪರಿಶೀಲಿಸಬೇಕು: ಹಣಕಾಸು, ಮನೆವಾರ್ತೆ, ಸಮಾಜದೊಡನೆಯ ನಡವಳಿಕೆ, ಪರಸ್ಪರ ಬದ್ಧತೆ. ಚಿತ್ರಾನ್ನದ ಡಬ್ಬಿ, ಜ್ವರದ ಆರೈಕೆ ಎಲ್ಲವೂ ನಾಲ್ಕನೆಯದಕ್ಕೆ ಸೇರುತ್ತವೆ. ಮೂರನೆಯದು ಕೇಳುವುದು ಬೇರೆಯೇ. ಈ ಇಬ್ಬರು ಬೇರೆಯವರ ಮುಂದೆ ತಮ್ಮನ್ನು ಜೋಡಿಯೆಂದು ಹೇಳಿಕೊಳ್ಳುತ್ತಾರೆಯೇ? ಸ್ನೇಹಿತರು, ಪರಿಚಿತರು ಇವರ ಬಗ್ಗೆ ಏನೆಂದುಕೊಂಡಿದ್ದಾರೆ? ಸಮಾರಂಭಗಳಿಗೆ, ಪ್ರವಾಸಗಳಿಗೆ ಇಬ್ಬರೂ ಜೊತೆಯಾಗಿ ಹೋಗುತ್ತಾರೆಯೇ?

ಅಂದು ನಮ್ಮ ಊಟದ ಮೇಜಿನ ಮೇಲೆ ಅವಳ ಕಡತವನ್ನು ಹರಡಿಕೊಂಡು ಕೂತೆವು. ಮನೆ ಬಾಡಿಗೆಯ ಕರಾರು ಅವನೊಬ್ಬನ ಹೆಸರಿನಲ್ಲಿದೆ. ವಿದ್ಯುತ್ತು, ಗ್ಯಾಸು, ಇಂಟರ್‌ನೆಟ್ಟು ಕೂಡ ಅವನ ಹೆಸರಿನಲ್ಲೇ. ಅವಳು ಪ್ರತಿ ತಿಂಗಳೂ ತನ್ನ ಪಾಲಿನ ಹಣವನ್ನು ತಪ್ಪದೆ ಕಳುಹಿಸಿದ್ದಾಳೆ. ಆದರೆ ಬ್ಯಾಂಕಿನ ಪಟ್ಟಿಯಲ್ಲಿ ಆ ಹಣದ ಮುಂದೆ ಇಪ್ಪತ್ತೆರಡು ಬಾರಿಯೂ ‘ರೆಂಟ್’ ಎಂದಿದೆ. ಹಾಗೆ ಬರೆಯಲು ಅವನೇ ಹೇಳಿದ್ದನಂತೆ. ಹೊರಗಿನಿಂದ ನೋಡುವ ಅಧಿಕಾರಿಗೆ ಇದು ಬಾಡಿಗೆದಾರಳು ಮತ್ತು ಮನೆ ಹಿಡಿದವನ ನಡುವಿನ ವ್ಯವಹಾರದಂತೆಯೇ ಕಾಣುತ್ತದೆ. ಅವಳೇ ತನ್ನ ವಿರುದ್ಧ ಪುರಾವೆ ಕೂಡಿಟ್ಟಂತಾಗಿತ್ತು.

ಅದಕ್ಕಿಂತ ತೊಡಕಿನದು ತೆರಿಗೆಯ ವಿವರ. ಇಲ್ಲಿನ ಆದಾಯ ತೆರಿಗೆ ಅರ್ಜಿಯಲ್ಲಿ ನಿಮಗೆ ಸಂಗಾತಿ ಇದ್ದಾರೆಯೇ ಎಂಬ ಪ್ರಶ್ನೆಯಿದೆ, ಅಲ್ಲಿ ಸಂಗಾತಿ ಎಂದರೆ ಮದುವೆಯಾಗದ ಜೊತೆಗಾರರೂ ಸೇರುತ್ತಾರೆ. ಇಬ್ಬರೂ ಎರಡು ವರ್ಷ ‘ಇಲ್ಲ’ ಎಂದು ಗುರುತು ಹಾಕಿದ್ದರು. ಈಗ ವೀಸಾ ಅರ್ಜಿಯಲ್ಲಿ ‘ಎರಡು ವರ್ಷದಿಂದ ಸಂಗಾತಿಗಳು’ ಎಂದು ಬರೆದರೆ ಎರಡು ಸರ್ಕಾರಿ ಕಾಗದಗಳು ಒಂದಕ್ಕೊಂದು ಹೊಂದುವುದಿಲ್ಲ. ತೆರಿಗೆ ವಿವರವನ್ನು ತಿದ್ದಿ ಸಲ್ಲಿಸಲು ಅವಕಾಶವಿದೆ. ಆದರೆ ಏಕೆ ತಪ್ಪಾಯಿತೆಂದು ವಿವರಿಸಬೇಕು. ಊರಿನಲ್ಲಿ ಕೂತು ಮಕ್ಕಳ ವೀಸಾ ಅರ್ಜಿ ತುಂಬಿಸುವ ಅಪ್ಪಅಮ್ಮಂದಿರಿಗೂ ಇದನ್ನೇ ಹೇಳಬೇಕೆನಿಸುತ್ತದೆ. ಒಂದು ಅರ್ಜಿಯಲ್ಲಿ ಜಂಜಾಟ ಬೇಡವೆಂದು ‘ಒಂಟಿ’ ಎಂದು ಬರೆದದ್ದು ಮುಂದಿನ ಅರ್ಜಿಯಲ್ಲಿ ಎದುರು ನಿಲ್ಲುತ್ತದೆ. ಸುಳ್ಳು ಮಾಹಿತಿ ಎಂಬ ತೀರ್ಮಾನವಾದರೆ ಮೂರು ವರ್ಷ ಅನೇಕ ವೀಸಾಗಳ ಬಾಗಿಲು ಮುಚ್ಚಬಹುದು.

“ಹಾಗಾದ್ರೆ ಫೇಸ್‌ಬುಕ್ಕಿನಲ್ಲಿ ಹಾಕ್ಲೇಬೇಕಾ ಅಕ್ಕ?” ಎಂದು ಕೇಳಿದಳು. ಬೇಡ. ಅಂಥ ನಿಯಮವೇನೂ ಇಲ್ಲ. ಯಾವುದೇ ಒಂದು ಅಂಶದ ಮೇಲೆ ಅರ್ಜಿ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಎಲ್ಲ ಸಂದರ್ಭವನ್ನೂ ಒಟ್ಟಾಗಿ ನೋಡಬೇಕು. ಜಾತಿ, ಧರ್ಮಗಳ ಕಾರಣಕ್ಕೆ ಮನೆಯವರಿಂದ ಮುಚ್ಚಿಟ್ಟಿರುವವರಿದ್ದಾರೆ. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಸಂಗಾತಿಗಳಾಗಿ, ಊರಿಗೆ ತಿಳಿದರೆ ಪ್ರಾಣಕ್ಕೇ ಅಪಾಯ ಎಂಬಂಥವರಿದ್ದಾರೆ. ಅವರು ಏಕೆ ಮುಚ್ಚಿಟ್ಟೆವೆಂದು ತಮ್ಮ ಹೇಳಿಕೆಯಲ್ಲಿ ಸ್ಪಷ್ಟವಾಗಿ ಬರೆಯುತ್ತಾರೆ, ಬರೆಯಬೇಕು ಕೂಡ. ಆದರೆ ಅಂಥ ಜೋಡಿಗಳಿಗೂ ಇಲ್ಲಿ ಒಬ್ಬಿಬ್ಬರು ಬಲ್ಲವರು ಇರುತ್ತಾರೆ, ಜೊತೆಯ ಕೆಲಸಗಾರರೋ ಪಕ್ಕದ ಮನೆಯವರೋ. ಗುಟ್ಟು ಕುಟುಂಬದ ಗಡಿಯಲ್ಲಿ ನಿಂತಿರುತ್ತದೆ. ಇವನ ಗುಟ್ಟಿಗೆ ಗಡಿಯೇ ಇರಲಿಲ್ಲ. ಅವನ ಕಚೇರಿಯ ಆಸ್ಟ್ರೇಲಿಯನ್ ಗೆಳೆಯರಿಗೂ, ಕ್ರಿಕೆಟ್ ಆಡುವ ಶ್ರೀಲಂಕಾದವರಿಗೂ ಅವಳು ಹೌಸ್‌ಮೇಟ್. ಅವರಲ್ಲಿ ಯಾರೂ ಹಾಸನದಲ್ಲಿರುವ ಅವನ ಅಮ್ಮನಿಗೆ ಫೋನು ಮಾಡುವವರಲ್ಲ.

ಮುಂದಿನ ಶನಿವಾರ ಅವನನ್ನೂ ಚಹಾಕ್ಕೆ ಕರೆದೆ. ತಂಗಿಯ ಮದುವೆ ಆಗಲಿ ಎಂಬುದು ಮೊದಲ ಕಾರಣ. ಬೇರೆ ಜಾತಿ, ಅಮ್ಮನ ರಕ್ತದೊತ್ತಡ ಅನಂತರದವು. ಇವು ಪೊಳ್ಳು ಕಾರಣಗಳೆಂದು ನಾನು ಹೇಳಲಾರೆ; ಹಾಸನದ ಸಂಬಂಧಗಳು ಹೇಗೆ ಕುದುರುತ್ತವೆ, ಹೇಗೆ ಮುರಿಯುತ್ತವೆ ಎಂಬುದನ್ನು ನಾನೂ ಕಂಡವಳು. ಚಹಾ ಆರಿದ ಮೇಲೆ ಇನ್ನೊಂದು ಮಾತು ಹೊರಬಂತು. “ಒಂದ್ಸಲ ಸ್ಪಾನ್ಸರ್ ಮಾಡಿದ್ರೆ ಮುಗೀತು ಅಲ್ವಾ ಅಕ್ಕ?” ಅವನು ಓದಿಕೊಂಡಿದ್ದ. ಸಂಗಾತಿಯನ್ನು ಪ್ರಾಯೋಜಿಸುವ ಅವಕಾಶ ಸಾಮಾನ್ಯವಾಗಿ ಜೀವಮಾನದಲ್ಲಿ ಎರಡು ಬಾರಿ ಮಾತ್ರ, ಅದೂ ಐದು ವರ್ಷಗಳ ಅಂತರದಲ್ಲಿ. ಇವಳಿಗೆ ಈಗ ಪ್ರಾಯೋಜಕನಾದರೆ, ಅಮ್ಮ ನೋಡಿದ ಹುಡುಗಿಯನ್ನು ಬೇಗನೆ ಕರೆತರುವ ದಾರಿ ಅವನಿಗೆ ಮುಚ್ಚುತ್ತದೆ. ಆ ಲೆಕ್ಕವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹುಡುಗಿ ಕಪ್ಪುಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು.

ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನಾನು ಅವನಿಗೆ ಬುದ್ಧಿ ಹೇಳಲಿಲ್ಲ. ಎರಡು ಸಂಗತಿ ತಿಳಿಸಿದೆ. ವಿಕ್ಟೋರಿಯಾ ರಾಜ್ಯದಲ್ಲಿ ಸಂಬಂಧವನ್ನು ನೋಂದಾಯಿಸಬಹುದು. ಹಾಗೆ ಮಾಡಿದರೆ ಹನ್ನೆರಡು ತಿಂಗಳು ಒಟ್ಟಿಗಿದ್ದುದನ್ನು ತೋರಿಸಬೇಕೆಂಬ ಷರತ್ತು ವೀಸಾಕ್ಕೆ ಅನ್ವಯಿಸುವುದಿಲ್ಲ. ಆದರೆ ಸಂಬಂಧ ನಿಜವೆಂದು ಆಗಲೂ ತೋರಿಸಲೇಬೇಕು, ಪ್ರಮಾಣಪತ್ರವೊಂದೇ ಸಾಲದು. ಎರಡನೆಯದು, ಅರ್ಜಿಯ ಶುಲ್ಕ ಒಂಬತ್ತು ಸಾವಿರ ಡಾಲರಿಗೂ ಮೇಲೆ. ಅರ್ಜಿ ತಿರಸ್ಕೃತವಾದರೆ ಅದು ಮರಳಿ ಬರುವುದಿಲ್ಲ. ಪ್ರಾಯೋಜಕನಾಗಿ ಅವನೇ ತನ್ನ ಪಾಲಿನ ಅರ್ಜಿ ತುಂಬಬೇಕು, ‘ಈಕೆ ನನ್ನ ಸಂಗಾತಿ’ ಎಂದು ತನ್ನ ಹೆಸರಿನಲ್ಲಿ ಬರೆಯಬೇಕು. ಅದೊಂದನ್ನು ಗುಟ್ಟಾಗಿ ಮಾಡಲು ಬರುವುದಿಲ್ಲ.

ಅವಳು ಬಯಸಿದ್ದು ಇನ್‌ಸ್ಟಾಗ್ರಾಂನಲ್ಲಿ ಒಂದು ಚಿತ್ರವಲ್ಲ. ಅಂದು ರಾತ್ರಿ ಅವಳು ಅವನ ಮುಂದಿಟ್ಟದ್ದು ಮೂರು ಕೋರಿಕೆ, ಮೂರೂ ಊರಿಗೆ ತಿಳಿಯದೆ ಆಗುವಂಥವು. ಬಾಡಿಗೆ ಕರಾರಿಗೆ ತನ್ನ ಹೆಸರು ಸೇರಿಸುವುದು, ಇಲ್ಲಿನ ಇಬ್ಬರು ಗೆಳೆಯರಿಗೆ ನಿಜ ಹೇಳುವುದು, ತೆರಿಗೆ ವಿವರ ತಿದ್ದುವುದು. ಯಾವ ಗುಟ್ಟು ಅಂಜಿಕೆಯಿಂದ ಹುಟ್ಟಿದ್ದು, ಯಾವುದು ಇನ್ನೊಂದು ದಾರಿ ತೆರೆದಿಟ್ಟುಕೊಳ್ಳಲು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ಅಂಜುವವನು ಅಮ್ಮನಿಗೆ ಹೇಳಲಾರದೆ ಹೋದರೂ ಬಾಡಿಗೆ ಏಜೆಂಟನಿಗೆ ಹೇಳಬಲ್ಲ.

ಆರು ವಾರ ಕಳೆದವು. ಕರಾರಿಗೆ ಹೆಸರು ಸೇರಲಿಲ್ಲ. ಏಜೆಂಟು ರಜೆಯಲ್ಲಿದ್ದಾರೆ ಎಂದ, ಆಮೇಲೆ ಕರಾರು ನವೀಕರಿಸುವಾಗ ನೋಡೋಣ ಎಂದ. ಡಬ್ಬಿಗೆ ಚಿತ್ರಾನ್ನ ಮಾತ್ರ ಒಂದು ದಿನವೂ ತಪ್ಪಲಿಲ್ಲವಂತೆ. ಏಪ್ರಿಲ್ ಕೊನೆಯಲ್ಲಿ ಅವಳು ನೋಂದಾಯಿತ ವಲಸೆ ಸಲಹೆಗಾರರೊಬ್ಬರನ್ನು ಕಂಡು, ತನ್ನ ಓದು ಮತ್ತು ಕೆಲಸದ ಆಧಾರದ ಮೇಲೆ, ರಾಜ್ಯ ಸರ್ಕಾರದ ನಾಮನಿರ್ದೇಶನದಿಂದ ಸಿಗುವ ಕೌಶಲ್ಯ ವೀಸಾಕ್ಕೆ ಆಸಕ್ತಿ ಸಲ್ಲಿಸಿದಳು. ಅಲ್ಲಿಯೂ ಸಂಗಾತಿ ಇದ್ದಾರೆಯೇ ಎಂಬ ಪ್ರಶ್ನೆ ಬಂತು. ಸಲಹೆಗಾರರು ನಿಜವಾದದ್ದನ್ನು ಬರೆಯಿರಿ ಎಂದರಂತೆ. ಆ ಹೊತ್ತಿಗೆ ಅವಳು ವೆರಿಬಿಯಲ್ಲಿ ಇನ್ನಿಬ್ಬರು ಹುಡುಗಿಯರೊಡನೆ ಬೇರೆ ಮನೆ ಹಿಡಿದಿದ್ದಳು.

ಆ ಮನೆಯ ಕರಾರಿನಲ್ಲಿ ಅವಳ ಹೆಸರು ಮೊದಲನೆಯದು. ನನಗೆ ಕೊಟ್ಟಿದ್ದ ಫಾರಂ 888ನ್ನು ಕೇಳಿ ವಾಪಸು ಪಡೆದಳು. ಪೆನ್ಸಿಲಿನಲ್ಲಿ ನಾನು ಬರೆದಿಟ್ಟಿದ್ದುದು ಒಂದೇ ಸಾಲು, ಅವರಿಬ್ಬರನ್ನು ನಾನು ಮೊದಲು ಎಲ್ಲಿ ಕಂಡೆ ಎಂಬುದು.